ರಾತ್ರಿ ಒಂಬತ್ತರ ನಂತರದ ಸಂದೇಶಕ್ಕೆ ಬೆಳಗಿನ ಉತ್ತರ: ಗಡಿ ಹಾಕಿಕೊಳ್ಳುವ ಬಗೆ

ರಾತ್ರಿ 10:50ಕ್ಕೆ ನನ್ನ ಮೊಬೈಲ್ ಮಿಣುಕಿದಾಗ ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ 1:20. ಸಂದೇಶ ಕಳುಹಿಸಿದವರು ಊಟ ಮುಗಿಸಿ ಮೇಜಿನ ಮುಂದೆ ಬಂದು ಕುಳಿತಿದ್ದಾರೆ, ಬೆಳಿಗ್ಗೆಯಿಂದ ತಲೆಯಲ್ಲಿದ್ದ ಪ್ರಶ್ನೆಯೊಂದನ್ನು ಟೈಪ್ ಮಾಡಿ ಕಳುಹಿಸಿದ್ದಾರೆ. ಅವರಿಗೆ ಅದು ಕೆಲಸದ ನಟ್ಟನಡುವಿನ ಹೊತ್ತು, ನನಗೆ ಹಾಸಿಗೆ ಹಾಸುವ ಹೊತ್ತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ನಾನು ವರ್ಷಗಟ್ಟಲೆ ಎರಡೇ ನಿಮಿಷದಲ್ಲಿ ಉತ್ತರ ಕೊಡುತ್ತ ಬಂದಿದ್ದರಿಂದ, ಬೆಂಗಳೂರಿನಲ್ಲಿ ಆಗ ರಾತ್ರಿ ಎಂಬುದೇ ಅವರಿಗೆ ಮರೆತುಹೋಗಿತ್ತು.

ನಾನು ಆಗ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ಜನರ ತಂಡವನ್ನು ನೋಡಿಕೊಳ್ಳುತ್ತಿದ್ದೆ. ಗ್ರಾಹಕರು ವಿಮೆಯ ವ್ಯವಹಾರದವರು. ಒಂದು ರಾತ್ರಿ ಊಟ ಮಾಡುತ್ತ ಮಗಳು ಶಾಲೆಯ ಯಾವುದೋ ಜಗಳದ ಕಥೆ ಹೇಳುತ್ತಿದ್ದಳು. ಸ್ಟೀಲ್ ತಟ್ಟೆಯ ಪಕ್ಕದಲ್ಲಿದ್ದ ಮೊಬೈಲ್ ಗುರ್ರೆಂದಿತು. ಅವಳು ಕಥೆ ನಿಲ್ಲಿಸಿ, “ಅಮ್ಮ, ಮೊದಲು ಅದನ್ನು ನೋಡಿಬಿಡು, ಆಮೇಲೆ ಹೇಳುತ್ತೇನೆ” ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದು ಅವಳಿಗೆ ರೂಢಿಯಾಗಿಹೋಗಿತ್ತು. ಆ ರಾತ್ರಿಯೇ ಒಂದು ಹಾಳೆ ತೆಗೆದುಕೊಂಡು ಬರೆಯಲು ಕುಳಿತೆ. ಮುಂದೆ ಮೂರು ತಿಂಗಳಲ್ಲಿ ನಾವು ಮಾಡಿದ್ದನ್ನು, ಮಾಡಿದ ಕ್ರಮದಲ್ಲಿಯೇ, ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ಮುಖ್ಯ. ಅನೇಕರು ಮೊಬೈಲಿನ ಸೆಟ್ಟಿಂಗ್‌ನಿಂದ ಶುರುಮಾಡುತ್ತಾರೆ. ಮಾತುಕತೆ ಆಗದೆ ಸದ್ದು ಮಾತ್ರ ನಿಲ್ಲಿಸಿದರೆ ಎರಡನೆಯ ವಾರಕ್ಕೇ “ಇವರು ಕೈಗೆ ಸಿಗುವುದಿಲ್ಲ” ಎಂಬ ದೂರು ಹುಟ್ಟಿಕೊಳ್ಳುತ್ತದೆ.

ಮೊದಲು ಎರಡು ವಾರ ಬರೆದಿಡಿ

ಮೊದಲ ಹದಿನಾಲ್ಕು ದಿನ ಏನನ್ನೂ ಬದಲಿಸಬೇಡಿ. ಈವರೆಗೆ ಉತ್ತರ ಕೊಡುತ್ತಿದ್ದ ಹಾಗೆಯೇ ಕೊಡಿ, ಆದರೆ ರಾತ್ರಿ ಒಂಬತ್ತರ ನಂತರ ಬಂದ ಪ್ರತಿಯೊಂದು ಸಂದೇಶವನ್ನೂ ದಾಖಲಿಸಿ. ಎಷ್ಟು ಹೊತ್ತಿಗೆ ಬಂತು, ಯಾರಿಂದ ಬಂತು, ಏನು ಕೇಳಿದರು ಎಂಬ ಮೂರು ಕಲಂ ಸಾಕು. ನಾಲ್ಕನೆಯ ಕಲಮನ್ನು ಮಾತ್ರ ಮರುದಿನ ಮಧ್ಯಾಹ್ನ ತುಂಬಿ: ಬೆಳಿಗ್ಗೆ ಉತ್ತರ ಕೊಟ್ಟಿದ್ದರೆ ಏನು ಕೆಡುತ್ತಿತ್ತು? ಇದನ್ನು ರಾತ್ರಿಯೇ ತುಂಬಿದರೆ ಎಲ್ಲವೂ ತುರ್ತಾಗಿ ಕಾಣುತ್ತದೆ. ಮರುದಿನ ಊಟದ ನಂತರ ನೋಡಿದಾಗ ಅದೇ ಸಂದೇಶದ ನಿಜವಾದ ತೂಕ ತಿಳಿಯುತ್ತದೆ.

ನನ್ನ ಹಾಳೆಯಲ್ಲಿ ಎರಡು ವಾರಕ್ಕೆ 41 ಸಂದೇಶಗಳಾದವು. ಗ್ರಾಹಕರೇ ಹೆಚ್ಚು ಇರುತ್ತಾರೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. 19 ಸಂದೇಶಗಳು ನಮ್ಮದೇ ಮ್ಯಾನೇಜರ್ ಅವರಿಂದ ಬಂದಿದ್ದವು, ಬಹುಪಾಲು “ಅದು ಎಲ್ಲಿಗೆ ಬಂತು?” ಎಂಬ ಒಂದೇ ಪ್ರಶ್ನೆ. ಗ್ರಾಹಕರ 13 ಪ್ರಶ್ನೆಗಳು ಬೆಳಗಿನವರೆಗೆ ನಿಶ್ಚಿಂತೆಯಿಂದ ಕಾಯಬಹುದಾದವು. ಇನ್ನು 6 ಸಂದೇಶ ಗ್ರೂಪಿನ ಧನ್ಯವಾದ, ಶುಭಾಶಯ. ಆ ರಾತ್ರಿಯೇ ನೋಡಲೇಬೇಕಾಗಿದ್ದವು 3 ಮಾತ್ರ. ಆ ಮೂರೂ ಒಂದೇ ವಿಷಯಕ್ಕೆ ಸೇರಿದ್ದವು. ಪ್ರತಿದಿನ ನ್ಯೂಜೆರ್ಸಿಯ ಮಧ್ಯಾಹ್ನ 2ಕ್ಕೆ, ಅಂದರೆ ನಮ್ಮ ರಾತ್ರಿ 11:30ಕ್ಕೆ, ವಿಮೆ ಪರಿಹಾರದ ಪಾವತಿ ಫೈಲು ಬ್ಯಾಂಕಿಗೆ ಹೋಗಬೇಕು. ಅದು ಹೋಗದಿದ್ದರೆ ಯಾರದೋ ಮನೆಯ ಪರಿಹಾರದ ಹಣ ಒಂದು ದಿನ ತಡವಾಗುತ್ತದೆ. ಅಂಥ ಕೆಲಸಕ್ಕೆ ನಿದ್ದೆಯಿಂದ ಎದ್ದು ಕೂರುವುದು ನ್ಯಾಯ ಎಂದು ನಾನು ಇಂದಿಗೂ ನಂಬುತ್ತೇನೆ. ಉಳಿದ 38ಕ್ಕಾಗಿ ಆರು ಮನೆಗಳು ಎಚ್ಚರವಿರಬೇಕಾಗಿರಲಿಲ್ಲ.

ನಿಮ್ಮ ಹಾಳೆಯಲ್ಲಿ ಲೆಕ್ಕ ಬೇರೆಯೇ ಬರಬಹುದು. 41ರಲ್ಲಿ 25 ನಿಜವಾಗಿಯೂ ತುರ್ತಾಗಿದ್ದರೆ ನಿಮ್ಮ ಸಮಸ್ಯೆ ಸಂದೇಶಗಳದ್ದಲ್ಲ. ಅಲ್ಲಿ ರಾತ್ರಿ ಪಾಳಿಗೆ ಜನ ಬೇಕು. ಆ ಬೇಡಿಕೆಯನ್ನು ಅದೇ ಹೆಸರಿನಲ್ಲಿ ಇಡಬೇಕು.

ಎರಡೂ ಊರಿನ ಗಡಿಯಾರ ಪಕ್ಕಪಕ್ಕದಲ್ಲಿಟ್ಟು ನೋಡಿ

ಅಮೆರಿಕದ ಪೂರ್ವ ಕರಾವಳಿ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅವರ ಬೆಳಗಿನ 9 ಎಂದರೆ ನಮ್ಮ ಸಂಜೆ 6:30. ಹಾಗಾಗಿ 6:30ರಿಂದ 9ರವರೆಗಿನ ಎರಡೂವರೆ ಗಂಟೆ ಇಬ್ಬರೂ ಎಚ್ಚರವಾಗಿ ಕೆಲಸದಲ್ಲಿರುವ ಸಮಯ. ಗಡಿಯನ್ನು ಒಂಬತ್ತಕ್ಕೆ ಹಾಕಲು ಕಾರಣ ಇದೇ. ಏಳಕ್ಕೇ ಹಾಕಿದ್ದರೆ ಗ್ರಾಹಕರಿಗೆ ನಾವು ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುತ್ತಿದ್ದೆವು, ಅವರು ಒಪ್ಪುತ್ತಿರಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಅದರ ಬದಲಿಗೆ ನಾವು ಬೆಳಿಗ್ಗೆ ತಡವಾಗಿ, ಹನ್ನೆರಡಕ್ಕೆ, ಕೆಲಸ ಶುರುಮಾಡುವುದೆಂದು ಮಾಡಿಕೊಂಡೆವು. ಸಂಜೆಯ ಗಂಟೆಗಳನ್ನು ಕೊಟ್ಟ ಮೇಲೆ ಬೆಳಗಿನ ಗಂಟೆಗಳನ್ನು ಹಿಂದಕ್ಕೆ ಪಡೆಯದಿದ್ದರೆ ಅದು ಗಡಿಯಲ್ಲ, ಬರೀ ದೀರ್ಘ ದಿನ.

ಕ್ಯಾಲಿಫೋರ್ನಿಯಾದ ಗ್ರಾಹಕರಾದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬೇಸಿಗೆಯಲ್ಲಿ ಬೆಳಗಿನ 9 ಎಂದರೆ ಇಲ್ಲಿ ರಾತ್ರಿ 9:30. ಎರಡೂ ಕಡೆಯ ಕೆಲಸದ ಹೊತ್ತು ಕೂಡುವುದೇ ಇಲ್ಲ. ಅಂಥವರ ಜೊತೆ ವಾರಕ್ಕೆ ಎರಡು ದಿನ ಮಾತ್ರ ತಡರಾತ್ರಿಯ ಕರೆ, ಉಳಿದ ದಿನ ಬರಹದಲ್ಲೇ ವ್ಯವಹಾರ ಎಂದು ಮಾಡಿಕೊಂಡ ತಂಡಗಳು ಉಳಿದುಕೊಂಡದ್ದನ್ನು ನೋಡಿದ್ದೇನೆ. ಲಂಡನ್ನಿನವರ ಜೊತೆ ಈ ತೊಂದರೆಯೇ ಇರಬಾರದು. ಅವರ ಇಡೀ ಬೆಳಗು ನಮ್ಮ ಮಧ್ಯಾಹ್ನ ಮತ್ತು ಸಂಜೆಗೆ ಸರಿಯಾಗಿ ಬೀಳುತ್ತದೆ.

ಮ್ಯಾನೇಜರ್ ಜೊತೆ ಮಾತು

ಈ ಮಾತನ್ನು ರಾತ್ರಿ ಆಡಬೇಡಿ, ಸಿಟ್ಟು ಬಂದ ದಿನ ಆಡಬೇಡಿ, ಅಪ್ರೈಸಲ್ ಸಭೆಯಲ್ಲಿ ಅಂತೂ ಬೇಡ. ನಾನು ಒಂದು ಮಂಗಳವಾರ ಇಪ್ಪತ್ತು ನಿಮಿಷ ಬೇಕೆಂದು ಕೇಳಿ, ಹಾಳೆ ಹಿಡಿದುಕೊಂಡು ಹೋದೆ. “ನನಗೆ ಸುಸ್ತಾಗಿದೆ” ಎಂದು ಶುರುಮಾಡಲಿಲ್ಲ. ಸುಸ್ತಾದದ್ದು ನಿಜವೇ. ಆದರೆ ಅದಕ್ಕೆ ಸಿಗುವ ಉತ್ತರ ಸಹಾನುಭೂತಿ ಮಾತ್ರ, ವ್ಯವಸ್ಥೆಯಲ್ಲ. ನಾನು ಹೇಳಿದ್ದು ಇಷ್ಟು:

“ಸರ್, ಎರಡು ವಾರದಲ್ಲಿ ರಾತ್ರಿ ಒಂಬತ್ತರ ಮೇಲೆ 41 ಸಂದೇಶ ಬಂದಿವೆ. ಮೂರು ಮಾತ್ರ ಆ ರಾತ್ರಿಯೇ ನೋಡಬೇಕಾದವು. ಆ ಮೂರು ಎಂದೂ ತಪ್ಪಿಹೋಗದಂತೆ ಒಂದು ಏರ್ಪಾಡು ಮಾಡೋಣ. ಉಳಿದವಕ್ಕೆ ಬೆಳಿಗ್ಗೆ ಉತ್ತರ ಕೊಡೋಣ.”

ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. ತಮ್ಮ 19 ಕಂಡು ಅವರಿಗೇ ಆಶ್ಚರ್ಯವಾಯಿತು. ಆಮೇಲೆ ಹೇಳಿದ ಮಾತು ನನಗೆ ಗೊತ್ತೇ ಇರಲಿಲ್ಲ: “ಹತ್ತೂವರೆಗೆ ನನಗೆ ಮೇಲಿನವರ ಜೊತೆ ಕರೆ ಇರುತ್ತದೆ. ಅಲ್ಲಿ ನಿಮ್ಮ ಕೆಲಸದ ಬಗ್ಗೆ ಕೇಳಿದರೆ ನಾನು ಏನು ಹೇಳಲಿ? ಅದಕ್ಕೇ ಹತ್ತು ಗಂಟೆಗೆ ನಿಮ್ಮನ್ನು ಕೇಳುವುದು.”

ಈ ಒಂದು ಮಾತಿನಿಂದ ಅರ್ಧ ಸಮಸ್ಯೆ ಬಗೆಹರಿಯಿತು. ಅವರಿಗೆ ಬೇಕಾಗಿದ್ದದ್ದು ನಾನಲ್ಲ, ಮಾಹಿತಿ. ಆ ದಿನದಿಂದ ರಾತ್ರಿ 8:45ಕ್ಕೆ ಅವರಿಗೆ ಮೂರು ಸಾಲು ಬರೆದು ಕಳುಹಿಸಲು ಶುರುಮಾಡಿದೆ. ಇಂದು ಮುಗಿದದ್ದು, ಮುಗಿಯದೆ ಉಳಿದದ್ದು, ನಾಳೆ ತಡೆಯಾಗಬಹುದಾದದ್ದು. ಮೂರನೆಯ ಸಾಲನ್ನು ಬಿಡಬಾರದು, ಏಕೆಂದರೆ ಮೇಲಿನವರ ಪ್ರಶ್ನೆ ಯಾವಾಗಲೂ ಅಲ್ಲಿಂದಲೇ ಹುಟ್ಟುತ್ತದೆ. ಬರೆಯಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಮುಂದಿನ ಎರಡು ವಾರದಲ್ಲಿ ಅವರ ಸಂದೇಶಗಳು 19ರಿಂದ 4ಕ್ಕೆ ಇಳಿದವು.

ಹಾಗಾಗಿ ನಿಮ್ಮ ಮ್ಯಾನೇಜರ್ ರಾತ್ರಿ ಏನನ್ನು ಕೇಳುತ್ತಾರೆ ಎಂಬುದರ ಜೊತೆಗೆ, ಅದೇ ಹೊತ್ತಿಗೆ ಏಕೆ ಕೇಳುತ್ತಾರೆ ಎಂಬುದನ್ನೂ ವಿಚಾರಿಸಿ. ಬಹಳ ಸಲ ಅವರ ಮೇಲೆ ಇನ್ನೊಬ್ಬರ ಒತ್ತಡ ಇರುತ್ತದೆ. ಕೆಲವರಿಗೆ ಮಕ್ಕಳು ಮಲಗಿದ ಮೇಲೆ ಸಿಗುವ ಒಂದೇ ಸಮಾಧಾನದ ಹೊತ್ತು ಅದು. ಅಂಥವರಿಗೆ ಮಾಡಬಹುದಾದ ಸರಳ ವಿನಂತಿ: ಬರೆಯುವುದನ್ನು ಈಗಲೇ ಬರೆಯಿರಿ, ಬೆಳಿಗ್ಗೆ ಒಂಬತ್ತಕ್ಕೆ ತಲುಪುವಂತೆ ಹೊತ್ತು ಹೊಂದಿಸಿ. Outlook, Gmail, Slack ಎಲ್ಲದರಲ್ಲೂ ಸಂದೇಶಕ್ಕೆ ಹೊತ್ತು ಹೊಂದಿಸುವ ಅನುಕೂಲವಿದೆ.

ಮಾತು ಮುಗಿದ ದಿನವೇ ಒಪ್ಪಿದ್ದನ್ನು ಐದು ಸಾಲಿನ ಇಮೇಲಿನಲ್ಲಿ ಬರೆದು ಕಳುಹಿಸಿ. ಶಾಶ್ವತ ನಿಯಮ ಎನ್ನಬೇಡಿ, ನಾಲ್ಕು ವಾರದ ಪ್ರಯೋಗ ಎನ್ನಿ. ಪ್ರಯೋಗಕ್ಕೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ.

ತುರ್ತು ಎಂದರೆ ಏನು, ಅದಕ್ಕೆ ಬಾಗಿಲು ಯಾವುದು

“ತುರ್ತಿದ್ದರೆ ಮಾತ್ರ ಸಂಪರ್ಕಿಸಿ” ಎಂಬ ಮಾತಿಗೆ ಅರ್ಥವಿಲ್ಲ. ಕಳುಹಿಸುವವರಿಗೆ ಆ ಕ್ಷಣದಲ್ಲಿ ತಮ್ಮದೆಲ್ಲವೂ ತುರ್ತೇ. ತುರ್ತು ಏನೆಂಬುದನ್ನು ವಸ್ತುವಿನ ಹೆಸರಿಟ್ಟು ಬರೆಯಬೇಕು. ನಾವು ಬರೆದದ್ದು ಮೂರೇ: ಪಾವತಿ ಫೈಲು ಹೊತ್ತಿಗೆ ಸಿದ್ಧವಾಗದಿದ್ದರೆ, ಗ್ರಾಹಕರ ಸಿಬ್ಬಂದಿಯಲ್ಲಿ ಯಾರಿಗೂ ಲಾಗಿನ್ ಆಗದಿದ್ದರೆ, ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣಿಸುತ್ತಿದ್ದರೆ. ಒಬ್ಬ ವ್ಯಕ್ತಿಗೆ ಮಾತ್ರ ಲಾಗಿನ್ ಆಗದಿದ್ದರೆ ಅದು ಬೆಳಗಿನ ಕೆಲಸ. ಈ ವ್ಯತ್ಯಾಸವನ್ನು ಬರಹದಲ್ಲಿ ಕಾಣುವಂತೆ ಇಟ್ಟದ್ದರಿಂದ ಮುಂದೆ ಬಹಳ ವಾದ ತಪ್ಪಿತು.

ಎರಡನೆಯದು ಬಾಗಿಲು. ತುರ್ತಿಗೆ ಒಂದೇ ದಾರಿ ಇರಬೇಕು, ಅದು ಫೋನ್ ಕರೆಯಾಗಿರಬೇಕು, ಸಂದೇಶವಾಗಿರಬಾರದು. ಸಂದೇಶ ಕಳುಹಿಸಲು ಯಾರಿಗೂ ಯೋಚನೆ ಬೇಕಿಲ್ಲ, ಬೆರಳು ಸಾಕು. ಆದರೆ ನಡುರಾತ್ರಿ ಒಬ್ಬರಿಗೆ ಫೋನ್ ಮಾಡಿ ಎಬ್ಬಿಸಬೇಕಾದರೆ ಯಾರಾದರೂ ಒಮ್ಮೆ ಯೋಚಿಸುತ್ತಾರೆ. ಆ ಒಂದು ಕ್ಷಣದ ಯೋಚನೆಯೇ ನಮ್ಮ ಬೇಲಿ.

ಮೂರನೆಯದು ಸರದಿ. ಆರು ಜನರೂ ಪ್ರತಿರಾತ್ರಿ ಅರ್ಧ ಎಚ್ಚರವಿರುವುದಕ್ಕಿಂತ ಒಬ್ಬರು ಒಂದು ವಾರ ಪೂರ್ತಿ ಎಚ್ಚರವಿರುವುದು ಒಳ್ಳೆಯದು. ಒಬ್ಬರಿಗೆ ಆರು ವಾರಕ್ಕೊಮ್ಮೆ ಸರದಿ ಬರುತ್ತದೆ. ರಾತ್ರಿ ಕರೆ ಬಂದು ಎದ್ದು ಕೆಲಸ ಮಾಡಿದವರು ಮರುದಿನ ಮಧ್ಯಾಹ್ನ ಎರಡಕ್ಕೆ ಬರಬಹುದು ಎಂದು ಇಮೇಲಿನಲ್ಲೇ ಬರೆಸಿಕೊಂಡೆವು. ಇದನ್ನು ಬಾಯಿಮಾತಿನಲ್ಲಿ ಬಿಟ್ಟರೆ ಯಾರೂ ಆ ಬಿಡುವನ್ನು ಕೇಳಲು ಧೈರ್ಯ ಮಾಡುವುದಿಲ್ಲ.

ಗ್ರಾಹಕರಿಗೆ ತಿಳಿಸುವುದು

ಇದನ್ನು ನೀವಾಗಿ ಮಾಡಬೇಡಿ, ಮ್ಯಾನೇಜರ್ ಹೆಸರಿನಿಂದ ಹೋಗಲಿ. ನೀವು ಬರೆದುಕೊಡಿ, ಅವರು ಕಳುಹಿಸಲಿ. ನಾವು ಇಂಗ್ಲಿಷಿನಲ್ಲಿ ಕಳುಹಿಸಿದ್ದರ ಸಾರ ಹೀಗಿತ್ತು:

“ನಿಮ್ಮ ಸಮಯ ಬೆಳಿಗ್ಗೆ 11:30ರೊಳಗೆ ಬಂದ ಪ್ರಶ್ನೆಗಳಿಗೆ ಅಂದೇ ಉತ್ತರ ಕೊಡುತ್ತೇವೆ. ಆಮೇಲೆ ಬಂದವುಗಳಿಗೆ ಮರುದಿನ ನೀವು ಕಚೇರಿಗೆ ಬರುವ ಹೊತ್ತಿಗೆ ಉತ್ತರ ನಿಮ್ಮ ಮೇಜಿನ ಮೇಲಿರುತ್ತದೆ. ಕೆಳಗಿನ ಮೂರು ಸಂದರ್ಭಗಳಲ್ಲಿ ಯಾವ ಹೊತ್ತಿನಲ್ಲಾದರೂ ಈ ಸಂಖ್ಯೆಗೆ ಕರೆ ಮಾಡಿ. ಮೊದಲ ಕರೆ ಕೂಡದಿದ್ದರೆ ತಕ್ಷಣ ಎರಡನೆಯ ಸಲ ಮಾಡಿ. ಹದಿನೈದು ನಿಮಿಷದೊಳಗೆ ಒಬ್ಬರು ಕೆಲಸಕ್ಕೆ ಕುಳಿತಿರುತ್ತಾರೆ.”

ಇಡೀ ಪತ್ರದಲ್ಲಿ “ಆಗುವುದಿಲ್ಲ” ಎಂಬ ಪದ ಒಮ್ಮೆಯೂ ಬಂದಿಲ್ಲ. ಸಮಯವನ್ನೆಲ್ಲ ಅವರ ಗಡಿಯಾರದಲ್ಲೇ ಹೇಳಿದೆವು, ನಮ್ಮ ಒಂಬತ್ತು ಗಂಟೆ ಎಂಬುದು ಅವರಿಗೆ ಲೆಕ್ಕಕ್ಕೆ ಸಿಗುವುದಿಲ್ಲ. ಗ್ರಾಹಕರಿಂದ ಮರುದಿನ ಒಂದು ಸಾಲಿನ ಒಪ್ಪಿಗೆ ಬಂತು. ಇಷ್ಟು ದಿನ ಹೆದರಿದ್ದೆವಲ್ಲ ಎಂದು ತಂಡದವರೆಲ್ಲ ಪರಸ್ಪರ ಮುಖ ನೋಡಿಕೊಂಡೆವು.

ಈಗ ಮೊಬೈಲಿಗೆ ಬನ್ನಿ

ಎರಡು ಸಲ ಕರೆ ಮಾಡಿ ಎಂದು ಬರೆದದ್ದಕ್ಕೆ ಕಾರಣವಿದೆ. ಆಂಡ್ರಾಯ್ಡ್ ಮೊಬೈಲಿನ Do Not Disturb ವ್ಯವಸ್ಥೆಯಲ್ಲಿ ಒಂದೇ ಸಂಖ್ಯೆಯಿಂದ 15 ನಿಮಿಷದೊಳಗೆ ಎರಡನೆಯ ಕರೆ ಬಂದರೆ ಸದ್ದು ಮಾಡಲು ಅವಕಾಶ ಕೊಡಬಹುದು. ಅದರ ಹೆಸರು Repeat callers. ಐಫೋನಿನಲ್ಲಿ Focus ಒಳಗೆ ಇದೇ ಅನುಕೂಲ ಇದೆ, ಆದರೆ ಅಲ್ಲಿ ಎರಡನೆಯ ಕರೆ ಮೂರು ನಿಮಿಷದೊಳಗೆ ಬರಬೇಕು. ಹಾಗಾಗಿ “ತಕ್ಷಣ” ಎಂಬ ಪದ ಪತ್ರದಲ್ಲಿ ಇರಲೇಬೇಕು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಎಂಟರವರೆಗೆ ಇದು ತಾನಾಗಿ ಶುರುವಾಗುವಂತೆ ವೇಳೆ ಹಾಕಿಡಿ. ಪ್ರತಿರಾತ್ರಿ ಕೈಯಿಂದ ಒತ್ತುವುದಾದರೆ ಹತ್ತನೆಯ ದಿನ ಮರೆಯುತ್ತೀರಿ. ಅಪ್ಪ ಅಮ್ಮ, ಮನೆಯವರು, ಆ ವಾರ ಸರದಿಯಲ್ಲಿರುವವರು, ಇವರ ಕರೆಗಳಿಗೆ ಯಾವಾಗಲೂ ಸದ್ದಾಗುವಂತೆ ವಿನಾಯಿತಿ ಕೊಡಿ. ಸರದಿ ನಿಮ್ಮದೇ ಆಗಿದ್ದರೆ ಗ್ರಾಹಕರ ಸಂಖ್ಯೆಯನ್ನು ಹೆಸರಿಟ್ಟು ಉಳಿಸಿಕೊಂಡು ಅದಕ್ಕೂ ವಿನಾಯಿತಿ ಕೊಡಿ. ಮೊದಲ ದಿನ ಸಹೋದ್ಯೋಗಿಯಿಂದ ಒಂದು ಕರೆ ಮಾಡಿಸಿ ಪರೀಕ್ಷಿಸಿ. ಪರೀಕ್ಷಿಸದೆ ಮಲಗಿದರೆ ನಿದ್ದೆ ಬರುವುದಿಲ್ಲ, ಅರ್ಧ ರಾತ್ರಿಗೆ ಎದ್ದು ನೋಡುತ್ತೀರಿ.

ವಾಟ್ಸ್ಆ್ಯಪ್ ಗ್ರೂಪನ್ನು ಸದ್ದಿಲ್ಲದಂತೆ ಮಾಡಿದರೆ ಸಾಲದು, ಆರ್ಕೈವ್ ಮಾಡಿ. ಮುಖ್ಯ ಪಟ್ಟಿಯಲ್ಲಿ ಅದು ಕಾಣುತ್ತಲೇ ಇದ್ದರೆ ಅಕ್ಕನಿಗೆ ಫೋಟೊ ಕಳುಹಿಸಲು ತೆರೆದವರ ಕಣ್ಣು ಅಲ್ಲಿಗೇ ಹೋಗುತ್ತದೆ. ಇನ್ನೊಂದು ಸಂಗತಿ: ನೀವು ಸಂದೇಶ ಓದಿದ್ದನ್ನು ತೋರಿಸುವ ನೀಲಿ ಗುರುತನ್ನು ಖಾಸಗಿ ಸಂಭಾಷಣೆಯಲ್ಲಿ ಅಡಗಿಸಬಹುದು, ಗ್ರೂಪಿನಲ್ಲಿ ಅಡಗಿಸಲು ಆಗುವುದಿಲ್ಲ. ಗ್ರೂಪಿನ ಸಂದೇಶವನ್ನು ರಾತ್ರಿ ತೆರೆದರೆ ನೀವು ಓದಿದ್ದೀರಿ ಎಂಬುದು ಅವರಿಗೆ ತಿಳಿಯುತ್ತದೆ. ಓದಿಯೂ ಉತ್ತರಿಸದಿರುವುದು ಓದದೇ ಇರುವುದಕ್ಕಿಂತ ಹೆಚ್ಚು ನೋಯಿಸುತ್ತದೆ. ಆದ್ದರಿಂದ ತೆರೆಯಲೇಬೇಡಿ.

ಮೊದಲ ಮೂರು ವಾರ

ಗಡಿ ಮುರಿಯುವುದು ಸಾಮಾನ್ಯವಾಗಿ ಹೊರಗಿನಿಂದಲ್ಲ. ಎರಡನೆಯ ವಾರ ಗ್ರಾಹಕರಲ್ಲೊಬ್ಬರು ರಾತ್ರಿ 10:50ಕ್ಕೆ “ತುರ್ತು” ಎಂದು ಗ್ರೂಪಿಗೆ ಬರೆದರು. ವರದಿಯೊಂದರ ಕಲಂ ಶೀರ್ಷಿಕೆಯ ಬಣ್ಣ ಬದಲಾಗಬೇಕಿತ್ತು. ಫೋನ್ ಮಾಡಲಿಲ್ಲ. ಸರದಿಯಲ್ಲಿ ಇಲ್ಲದ ನಮ್ಮ ತಂಡದ ಕಿರಿಯ ಹುಡುಗ ಅದನ್ನು ನೋಡಿ 11:20ಕ್ಕೆ ಬಣ್ಣ ಬದಲಿಸಿ ಕಳುಹಿಸಿಬಿಟ್ಟ. ಅವನ ಉದ್ದೇಶ ಒಳ್ಳೆಯದೇ. ಆದರೆ ಮರುದಿನ ರಾತ್ರಿ ಅದೇ ಹೊತ್ತಿಗೆ ಎರಡು ಸಂದೇಶ ಬಂದವು. ಒಬ್ಬರ ಉತ್ಸಾಹ ಉಳಿದ ಐವರನ್ನು ಸೋಮಾರಿಗಳಂತೆ ಕಾಣಿಸುತ್ತದೆ, ಇದನ್ನು ಅವನಿಗೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. “ಅಕ್ಕ, ನಿದ್ದೆ ಬರುತ್ತಿರಲಿಲ್ಲ, ಹೇಗೂ ಎಚ್ಚರವಾಗಿದ್ದೆ” ಎಂದ. ಎಚ್ಚರವಿದ್ದು ಕೆಲಸ ಮಾಡಬೇಕೆನ್ನಿಸಿದರೆ ಮಾಡು, ಉತ್ತರವನ್ನು ಮಾತ್ರ ಬೆಳಗಿಗೆ ಹೊಂದಿಸು ಎಂದೆ. ಆಮೇಲೆ ಅವನು ಹಾಗೆಯೇ ಮಾಡಿದ.

ಬೆಳಿಗ್ಗೆ ಉತ್ತರ ಬರೆಯುವಾಗ “ತಡವಾದುದಕ್ಕೆ ಕ್ಷಮಿಸಿ” ಎಂದು ಶುರುಮಾಡಬೇಡಿ. ನಮ್ಮ ಕೈ ಆ ಸಾಲನ್ನು ತಾನಾಗಿಯೇ ಬರೆಯುತ್ತದೆ. ಹೇಳಿದ ಹೊತ್ತಿಗೇ ಉತ್ತರ ಕೊಟ್ಟಿದ್ದೀರಿ, ಅದರಲ್ಲಿ ತಡ ಎಲ್ಲಿಂದ ಬಂತು? ಕ್ಷಮೆ ಕೇಳಿದ ಕೂಡಲೇ ರಾತ್ರಿ ಉತ್ತರಿಸದಿದ್ದದ್ದು ತಪ್ಪು ಎಂದು ನೀವೇ ಒಪ್ಪಿದಂತಾಗುತ್ತದೆ. “ನೋಡಿದೆ. ಇಂದು ಮಧ್ಯಾಹ್ನ ಮೂರರೊಳಗೆ ಸರಿಪಡಿಸಿರುತ್ತೇವೆ” ಎಂದು ನೇರವಾಗಿ ಬರೆಯಿರಿ. ಬರೆದ ಹೊತ್ತನ್ನು ತಪ್ಪದೆ ಪಾಲಿಸಿ. ಬೆಳಗಿನ ಉತ್ತರ ಎರಡು ದಿನ ತಪ್ಪಿದರೆ ರಾತ್ರಿಯ ಸಂದೇಶಗಳು ಮರಳಿ ಬರುತ್ತವೆ, ಆಗ ಅವರನ್ನು ದೂರುವಂತಿಲ್ಲ.

ಮೂರನೆಯ ವಾರ ನಿಜವಾದ ಕರೆ ಬಂತು. ರಾತ್ರಿ 11:05ಕ್ಕೆ ಸರದಿಯಲ್ಲಿದ್ದ ಗೆಳತಿಯ ಮೊಬೈಲ್ ಎರಡು ಸಲ ಬಾರಿಸಿತು. ಪಾವತಿ ಫೈಲು ಸಿದ್ಧವಾಗಿಲ್ಲ. ಸರ್ವರಿನ ಡಿಸ್ಕ್ ಹಳೆಯ ಲಾಗ್‌ಗಳಿಂದ ತುಂಬಿಹೋಗಿತ್ತು. ಅವಳು ಅವನ್ನು ತೆಗೆದು ಮತ್ತೆ ಓಡಿಸಿದಳು, 11:40ಕ್ಕೆ ಫೈಲು ಹೋಯಿತು. ಬ್ಯಾಂಕಿನ ಕೊನೆಯ ಗಡುವು ನಮ್ಮ ಹನ್ನೆರಡು ಗಂಟೆಗೆ. ಹಿಂದೊಮ್ಮೆ ಹೀಗೆಯೇ ಆದಾಗ ಆ ಸಂದೇಶ ಗ್ರೂಪಿನ ಮೂವತ್ತು ಸಂದೇಶಗಳ ನಡುವೆ ಮುಳುಗಿ, ನಾವು ಆರೂ ಜನ ಎಚ್ಚರವಿದ್ದೂ, ಇನ್ನೊಬ್ಬರು ನೋಡಿರುತ್ತಾರೆ ಎಂದುಕೊಂಡು ಗಡುವು ತಪ್ಪಿತ್ತು. ಮ್ಯಾನೇಜರ್ ಅವರ ಮನಸ್ಸನ್ನು ಪೂರ್ತಿ ಗೆದ್ದದ್ದು ನನ್ನ ಹಾಳೆಯಲ್ಲ, ಈ ರಾತ್ರಿ.

ನಾಲ್ಕನೆಯ ವಾರ ಮುಗಿದ ಮೇಲೆ ಮತ್ತೆ ಎರಡು ವಾರ ಬರೆದಿಡಿ. ಸಂಖ್ಯೆ ಇಳಿದಿದೆಯೇ ಎಂಬುದರ ಜೊತೆಗೆ ಎರಡು ಗುರುತುಗಳನ್ನು ನೋಡಿ. ಗ್ರೂಪಿನ ಸಂದೇಶಗಳು ಖಾಸಗಿ ಸಂಭಾಷಣೆಗೆ ಜಾರಿದ್ದರೆ ಗಡಿ ಸೋರುತ್ತಿದೆ ಎಂದರ್ಥ. ಆಗ ಬೆಳಿಗ್ಗೆ ಉತ್ತರವನ್ನು ಗ್ರೂಪಿನಲ್ಲೇ ಕೊಡಿ, ಖಾಸಗಿಯಲ್ಲಿ ಕೊಡಬೇಡಿ. ಸಣ್ಣ ವಿಷಯಗಳಿಗೂ ಫೋನ್ ಕರೆ ಬರುತ್ತಿದ್ದರೆ ತುರ್ತಿನ ಪಟ್ಟಿ ಅವರಿಗೆ ನೆನಪಿಲ್ಲ. ಕರೆ ಮಾಡಿದವರಿಗೆ ಆ ರಾತ್ರಿ ಸೌಜನ್ಯದಿಂದ ಸಹಾಯ ಮಾಡಿ, ಮರುದಿನ ಪಟ್ಟಿಯನ್ನು ಮತ್ತೆ ಕಳುಹಿಸಿ.

ಸ್ವಂತ ಕೆಲಸ ಮಾಡುವವರಿಗೆ

ದಾವಣಗೆರೆಯಲ್ಲಿ ತೆರಿಗೆ ಲೆಕ್ಕ ಬರೆಯುವ ನನ್ನ ಸೋದರಮಾವನಿಗೆ ಮ್ಯಾನೇಜರ್ ಇಲ್ಲ. ಅವರ ಗಿರಾಕಿಗಳು ಅಂಗಡಿ ಬಾಗಿಲು ಹಾಕಿದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ, ಬಿಲ್ಲುಗಳ ಫೋಟೊ ಕಳುಹಿಸುತ್ತಾರೆ. ಅವರಿಗೂ ಅದೇ ಬಿಡುವಿನ ಹೊತ್ತು. ಮಾವ ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ Away message ಬರೆದು, ಕೆಲಸದ ವೇಳೆಯ ಹೊರಗೆ ಮಾತ್ರ ಹೋಗುವಂತೆ ಮಾಡಿಕೊಂಡರು: “ನಿಮ್ಮ ಬಿಲ್ಲುಗಳು ತಲುಪಿವೆ. ನಾಳೆ ಹನ್ನೊಂದರೊಳಗೆ ನೋಡಿ ತಿಳಿಸುತ್ತೇನೆ.” ಗಿರಾಕಿಗೆ ಬೇಕಾಗಿದ್ದದ್ದು ತಲುಪಿತೇ ಎಂಬ ಸಮಾಧಾನ, ಅದು ಕ್ಷಣದಲ್ಲೇ ಸಿಗುತ್ತದೆ. ತಿಂಗಳ 11 ಮತ್ತು 20ನೆಯ ತಾರೀಕಿನ ಹಿಂದಿನ ಎರಡು ದಿನ, ಜಿಎಸ್‌ಟಿ ವಿವರ ಸಲ್ಲಿಸುವ ಗಡುವು ಹತ್ತಿರವಿರುವಾಗ, ಅದನ್ನು ನಿಲ್ಲಿಸಿ ರಾತ್ರಿ ಹನ್ನೊಂದರವರೆಗೆ ತಾವೇ ಉತ್ತರಿಸುತ್ತಾರೆ. ಆ ನಾಲ್ಕು ದಿನ ಕೊಟ್ಟದ್ದರಿಂದ ಉಳಿದ ಇಪ್ಪತ್ತಾರು ದಿನ ಅವರದಾಯಿತು.

ಮ್ಯಾನೇಜರ್ ಒಪ್ಪದಿದ್ದರೆ

ಎಲ್ಲರಿಗೂ ನನ್ನಂಥ ಮ್ಯಾನೇಜರ್ ಸಿಗುವುದಿಲ್ಲ. ನೀವು ಪ್ರೊಬೇಷನ್‌ನಲ್ಲಿದ್ದರೆ ಅಥವಾ ಗುತ್ತಿಗೆಯ ಮೇಲಿದ್ದರೆ ಒಂಬತ್ತರ ಗಡಿಗೆ ಹಟ ಹಿಡಿಯಬೇಡಿ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗಿನ ನಿದ್ದೆಯನ್ನು ಮೊದಲು ಉಳಿಸಿಕೊಳ್ಳಿ, ದಿನದ ಕೊನೆಯ ಮೂರು ಸಾಲಿನ ವರದಿಯನ್ನು ಯಾರನ್ನೂ ಕೇಳದೆ ಶುರುಮಾಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕಾನೂನಿನ ಬಲ ಇಲ್ಲಿ ಸೀಮಿತ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ಹೊತ್ತಿನ ಹೊರಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿಗೆ ಕಾನೂನಿದೆ. ಆದರೆ ಅಲ್ಲಿಯ ಗ್ರಾಹಕರಿಗೆ ಇಲ್ಲಿ ಕುಳಿತು ಕೆಲಸ ಮಾಡುವವರಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಇಂಥ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಇರುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರಂತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ಮಿತಿ, ಹೆಚ್ಚಿನ ದುಡಿಮೆಗೆ ಎರಡು ಪಟ್ಟು ದರದ ವೇತನ. ಆಡಳಿತದ ಸ್ಥಾನದಲ್ಲಿರುವವರಿಗೆ ಈ ರಕ್ಷಣೆ ಇಲ್ಲ. ರಾತ್ರಿ ಸಂದೇಶಗಳಿಗೆ ಉತ್ತರಿಸಿದ ಹೊತ್ತು ದುಡಿಮೆಯೇ ಎಂದು ವಾದಿಸಬೇಕಾದರೆ ನಿಮ್ಮ ಬಳಿ ತಾರೀಕು ಮತ್ತು ಗಂಟೆ ಬರೆದಿಟ್ಟ ದಾಖಲೆ ಬೇಕು. ಮಾನವ ಸಂಪನ್ಮೂಲ ವಿಭಾಗಕ್ಕೆ ಹೋದಾಗಲೂ ಅವರು ಮೊದಲು ಕೇಳುವುದು ಅದನ್ನೇ. ಎರಡು ವಾರದ ಹಾಳೆಯನ್ನು ಎಸೆಯಬೇಡಿ.

ನವೆಂಬರಿನ ಒಂದು ಗಂಟೆ

ಮೊದಲ ವರ್ಷ ನಾವು ಮುಗ್ಗರಿಸಿದ್ದು ಇಲ್ಲಿ. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್‌ನ ಎರಡನೆಯ ಭಾನುವಾರ ಮತ್ತೆ ಮುಂದಕ್ಕೆ ತರುತ್ತಾರೆ. ನಾವು ತಿರುಗಿಸುವುದಿಲ್ಲ. ನ್ಯೂಜೆರ್ಸಿಯ ಬೆಳಗಿನ 9 ಆಗ ನಮ್ಮ ಸಂಜೆ 7:30 ಆಗುತ್ತದೆ, ಪಾವತಿ ಫೈಲಿನ ಹೊತ್ತು ಮಧ್ಯರಾತ್ರಿ ದಾಟಿ 12:30ಕ್ಕೆ ಹೋಗುತ್ತದೆ. ಪತ್ರದಲ್ಲಿ ಅವರ ಸಮಯ 11:30 ಎಂದು ಬರೆದಿದ್ದರೆ ಅದು ಈಗ ನಮ್ಮ ರಾತ್ರಿ ಹತ್ತು. ಯಾರೂ ಯಾರನ್ನೂ ಕೇಳದೆ ಗಡಿ ಒಂದು ಗಂಟೆ ಸರಿದಿರುತ್ತದೆ.

ಅಕ್ಟೋಬರ್ ಮೂರನೆಯ ವಾರಕ್ಕೆ ಕ್ಯಾಲೆಂಡರಿನಲ್ಲಿ ಒಂದು ನೆನಪು ಹಾಕಿಕೊಳ್ಳಿ. ಆ ವಾರ ಮ್ಯಾನೇಜರ್ ಜೊತೆ ಕುಳಿತು ಚಳಿಗಾಲದ ವೇಳೆಯನ್ನು ನಿಗದಿ ಮಾಡಿ. ನಾವು ಗಡಿಯನ್ನು 9:30ಕ್ಕೆ ಸರಿಸಿ, ಮಧ್ಯಾಹ್ನ ಹನ್ನೆರಡೂವರೆಗೆ ಬರುವುದೆಂದು ಮಾಡಿಕೊಂಡೆವು. ಗ್ರಾಹಕರ ಪತ್ರದಲ್ಲಿ 11:30 ಇದ್ದದ್ದು 11 ಆಯಿತು. ಮೊಬೈಲಿನ ವೇಳೆಯನ್ನೂ ಅದೇ ಭಾನುವಾರ ಬದಲಿಸಿ, ಸರದಿಯವರಿಗೆ ಮರುದಿನದ ಬಿಡುವನ್ನು ಮಧ್ಯಾಹ್ನ ಮೂರಕ್ಕೆ ವಿಸ್ತರಿಸಿ. ಮಾರ್ಚ್ ಮೊದಲ ವಾರಕ್ಕೆ ಇನ್ನೊಂದು ನೆನಪು ಈಗಲೇ ಹಾಕಿಡಿ.